ಎಂಬತ್ತು ಯಾವುದಕ್ಕೆ? ಕೃಷಿ ಅಧಿಕಾರಿಯ ಫೋನ್ ಕರೆಯನ್ನು ಸಲಹಾ ಚೀಟಿಗೆ ಇಳಿಸುವ ಬಗೆ

ಗೋವಿನಜೋಳ ಬೆಳೆದ ರೈತರೊಬ್ಬರು ಕೃಷಿ ಅಧಿಕಾರಿಯ ಜತೆ ಹನ್ನೊಂದು ನಿಮಿಷ ಮಾತನಾಡಿ, ಕೈಗೆ ಸಿಕ್ಕ ರಸೀದಿಯ ಹಿಂಬದಿಯಲ್ಲಿ ಒಂದೇ ಒಂದು ಅಂಕಿ ಬರೆದುಕೊಂಡಿದ್ದರು: 80. ಆ ರಸೀದಿಯನ್ನೂ ಕರೆಯ ರೆಕಾರ್ಡಿಂಗನ್ನೂ ನನಗೆ ಕೊಟ್ಟು, "ಇದನ್ನು ಸರಿಯಾಗಿ ಬರೆದುಕೊಡಿ, ನಾಳೆ ಅಂಗಡಿಗೆ ಹೋಗಬೇಕು" ಎಂದರು. ಹಾವೇರಿ ಕಡೆಯ ಒಂದು ರೈತ ಉತ್ಪಾದಕರ ಕಂಪನಿಯಲ್ಲಿ ಇಂಥ ಚೀಟಿ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ. ಆ ಒಂದು ಕರೆಯನ್ನೇ ಹಿಡಿದುಕೊಂಡು, ಮಾತು ಹೇಗೆ ಚೀಟಿಯಾಗುತ್ತದೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ.

ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ ಎಂದು ಅಧಿಕಾರಿಗೆ ಕರೆಯ ಆರಂಭದಲ್ಲೇ ಹೇಳಿರಬೇಕು. ಅದು ಸೌಜನ್ಯ; ಜತೆಗೆ ಒಂದು ಲಾಭವೂ ಇದೆ. ರೆಕಾರ್ಡ್ ಆಗುತ್ತಿದೆ ಎಂದು ಗೊತ್ತಾದರೆ ಅಧಿಕಾರಿಗಳು ಅಂಕಿಗಳನ್ನು ಬಿಡಿಸಿ, ಎರಡೆರಡು ಸಲ ಹೇಳುತ್ತಾರೆ.

ಮೊದಲ ಸಲ ಕೇಳುವಾಗ ಅಂಕಿ ಬರೆಯಬೇಡಿ

ಇಡೀ ಕರೆಯನ್ನು ಒಮ್ಮೆ ಸುಮ್ಮನೆ ಕೇಳಿ. ಕೇಳಿ ಮುಗಿದ ಮೇಲೆ ನಾಲ್ಕು ಸಂಗತಿಗಳನ್ನು ಮಾತ್ರ ಬರೆಯಿರಿ: ಯಾವ ಬೆಳೆ, ಬಿತ್ತಿ ಎಷ್ಟು ದಿನ, ಎಷ್ಟು ಎಕರೆ, ಯಾವ ಕಾಟ. ಇವು ನಾಲ್ಕೂ ಗಟ್ಟಿಯಾಗದೆ ಔಷಧಿಯ ಲೆಕ್ಕಕ್ಕೆ ಕೈ ಹಾಕಿದರೆ ಮುಂದಿನದೆಲ್ಲ ವಾಲುತ್ತದೆ.

ನಮ್ಮ ಕರೆಯಲ್ಲಿ ಎಕರೆಯೇ ಮೊದಲು ಕೈಕೊಟ್ಟಿತು. ಅಧಿಕಾರಿ "ಎಷ್ಟು ಜಮೀನು?" ಎಂದಾಗ ರೈತರು "ಎರಡೂವರೆ ಎಕರೆ ಮೇಡಂ" ಎಂದಿದ್ದಾರೆ. ಐದು ನಿಮಿಷ ಕಳೆದ ಮೇಲೆ, ಬೇರೆ ಮಾತಿನ ನಡುವೆ, "ಒಂದೆಕರೆ ಸೋಯಾಬೀನ್ ಇದೆ, ಅದಕ್ಕೇನೂ ಆಗಿಲ್ಲ" ಎಂದಿದ್ದಾರೆ. ಅಂದರೆ ಹುಳು ಬಿದ್ದಿರುವ ಗೋವಿನಜೋಳ ಒಂದೂವರೆ ಎಕರೆ. ಜಮೀನು ಎಷ್ಟು ಎಂದು ಕೇಳಿದರೆ ರೈತ ತನ್ನ ಒಟ್ಟು ಹಿಡುವಳಿಯನ್ನೇ ಹೇಳುತ್ತಾನೆ. ಚೀಟಿಗೆ ಬೇಕಾದದ್ದು ಆ ಬೆಳೆ ನಿಂತಿರುವ ಜಾಗ. ಗುಂಟೆಯಲ್ಲಿ ಹೇಳಿದ್ದರೆ ನಲವತ್ತು ಗುಂಟೆಗೆ ಒಂದು ಎಕರೆ ಎಂದು ಆಗಲೇ ಪರಿವರ್ತಿಸಿಕೊಳ್ಳಿ.

ಕಾಟದ ಹೆಸರಿಗೂ ಇದೇ ಎಚ್ಚರ ಬೇಕು. ರೈತರು ಕರೆಯುದ್ದಕ್ಕೂ "ಕಾಂಡಕೊರಕ" ಎನ್ನುತ್ತಿದ್ದರು. ಅಧಿಕಾರಿ ಒಂದೊಂದೇ ಗುರುತು ಕೇಳಿದರು. ಎಲೆಯಲ್ಲಿ ಸೂಜಿಯಿಂದ ಚುಚ್ಚಿದಂತೆ ಸಾಲಾಗಿ ಸಣ್ಣ ತೂತುಗಳಿವೆಯೋ, ಹರಿದು ತಿಂದಂತೆ ದೊಡ್ಡ ತೂತುಗಳೋ? ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ ತುಂಬಿದೆಯೋ? ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿ ಗೆರೆ ಇದೆಯೋ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇವೆಯೋ? ರೈತರು ಹುಳು ಹಿಡಿದು ನೋಡಿ ಹೌದೆಂದರು. ಅಲ್ಲಿಗೆ ಅದು ಫಾಲ್ ಸೈನಿಕ ಹುಳು, ನಮ್ಮಲ್ಲಿ ಹಲವರು ಲದ್ದಿ ಹುಳು ಎನ್ನುವುದು ಇದನ್ನೇ. ಭಾರತದಲ್ಲಿ ಇದು ಮೊದಲು ಕಣ್ಣಿಗೆ ಬಿದ್ದದ್ದು 2018ರಲ್ಲಿ, ಶಿವಮೊಗ್ಗದ ಗೋವಿನಜೋಳದಲ್ಲಿ. ಹೊಸ ಹುಳುವಿಗೆ ಹಳೆಯ ಹೆಸರನ್ನೇ ಇಟ್ಟು ಕರೆಯುವ ರೂಢಿ ಇನ್ನೂ ಹೋಗಿಲ್ಲ. ಚೀಟಿಯಲ್ಲಿ ಅಧಿಕಾರಿ ಕೊನೆಗೆ ಒಪ್ಪಿದ ಹೆಸರನ್ನು ಬರೆಯಿರಿ. ಯಾವ ಗುರುತಿನಿಂದ ಒಪ್ಪಿದರು ಎಂಬುದಕ್ಕೂ ಅರ್ಧ ಸಾಲು ಕೊಡಿ. ಹೊಲದಲ್ಲಿ ಆ ಗುರುತು ಕಾಣದಿದ್ದರೆ ಚೀಟಿಯೇ ತಮಗಲ್ಲ ಎಂದು ರೈತರಿಗೆ ತಿಳಿಯಬೇಕು.

ಎರಡನೇ ಸಲ: ಅಂಕಿ ಇರುವ ಮಾತುಗಳನ್ನು ಮಾತ್ರ, ಇದ್ದ ಹಾಗೆ

ಈಗ ಇಯರ್‌ಫೋನ್ ಹಾಕಿ, ವೇಗವನ್ನು `0.75x`ಗೆ ಇಳಿಸಿ. ಅಂಕಿ ಬಂದ ಪ್ರತಿ ವಾಕ್ಯವನ್ನು, ಕರೆಯ ಎಷ್ಟನೇ ನಿಮಿಷದಲ್ಲಿ ಬಂತು, ಯಾರು ಹೇಳಿದರು ಎಂಬುದರ ಸಮೇತ ಬರೆದುಕೊಳ್ಳಿ. ಇಲ್ಲಿ ತಿದ್ದಬೇಡಿ, ಸಂಕ್ಷೇಪಿಸಬೇಡಿ. ಈ ಕರೆಯಿಂದ ನಾನು ಎತ್ತಿಕೊಂಡ ಸಾಲುಗಳು ಇವು:

3:40, ಅಧಿಕಾರಿ: "ಎಕರೆಗೆ ಇನ್ನೂರು ಲೀಟರ್ ನೀರು ಹಿಡಿಯಿರಿ. ನಿಮ್ಮ ಟ್ಯಾಂಕ್ ಹದಿನಾರು ಲೀಟರಿನದು ತಾನೇ?"

4:15, ಅಧಿಕಾರಿ: "ಬೇವಿನ ಔಷಧಿ, ಸಾವಿರದ ಐನೂರು ಪಿ.ಪಿ.ಎಂ., ಲೀಟರಿಗೆ ಐದು ಎಂ.ಎಲ್. ನಿಮ್ಮ ಟ್ಯಾಂಕಿಗೆ ಎಂಬತ್ತು ಬರುತ್ತದೆ ನೋಡಿ."

5:30, ರೈತ: "ಅಂಗಡಿಯವರು ಎರಡು ಔಷಧಿ ಕಲಸಿ ಹೊಡೆಯಿರಿ ಎಂದಿದ್ದಾರೆ ಮೇಡಂ." ಅಧಿಕಾರಿ: "ಹೂಂ."

6:10, ಅಧಿಕಾರಿ: "ಎಮಾಮೆಕ್ಟಿನ್ ಬೆಂಜೋಯೇಟ್, ಐದು ಎಸ್.ಜಿ., ಲೀಟರಿಗೆ (ಟ್ರ್ಯಾಕ್ಟರ್ ಸದ್ದು) ನಾಲ್ಕು ಗ್ರಾಂ. ಎಕರೆಗೆ ಎಂಬತ್ತು." ರೈತ: "ಎಂಬತ್ತು, ಆಯಿತು ಮೇಡಂ."

ರಸೀದಿಯ ಮೇಲಿನ 80 ಎಲ್ಲಿಂದ ಬಂತು ಎಂಬುದು ಈಗ ಕಾಣುತ್ತದೆ. ಒಂದೇ ಕರೆಯಲ್ಲಿ ಎಂಬತ್ತು ಎರಡು ಸಲ ಬಂದಿದೆ. ಮೊದಲನೆಯದು ಬೇವಿನ ಔಷಧಿ, ಎಂ.ಎಲ್. ಲೆಕ್ಕ, ಒಂದು ಟ್ಯಾಂಕಿಗೆ. ಎರಡನೆಯದು ಎಮಾಮೆಕ್ಟಿನ್, ಗ್ರಾಂ ಲೆಕ್ಕ, ಒಂದು ಎಕರೆಗೆ. ಎರಡನ್ನೂ ಕಲಸಿ "ಎಮಾಮೆಕ್ಟಿನ್, ಟ್ಯಾಂಕಿಗೆ 80" ಎಂದು ಬರೆದುಬಿಟ್ಟರೆ ಇರಬೇಕಾದ್ದಕ್ಕಿಂತ ಹನ್ನೆರಡೂವರೆ ಪಟ್ಟು ಔಷಧಿ ಬೀಳುತ್ತದೆ. ಕರೆಯಲ್ಲಿ ಯಾರೂ ತಪ್ಪು ಹೇಳಿಲ್ಲ. ಅಂಕಿಯೊಂದು ತನ್ನ ಪಾತ್ರೆಯನ್ನೂ ಅಳತೆಯನ್ನೂ ಬಿಟ್ಟು ಒಂಟಿಯಾಗಿ ರಸೀದಿಗೆ ಇಳಿದಿದೆ, ಅಷ್ಟೇ.

ಹಾಗಾಗಿ ನನ್ನ ಕಟ್ಟುನಿಟ್ಟು ಇದು: ಪ್ರತಿ ಅಂಕಿಯ ಹಿಂದೆ ಅಳತೆ, ಅಂದರೆ ಗ್ರಾಂ, ಎಂ.ಎಲ್., ಕೆ.ಜಿ. ಇರಬೇಕು, ಮುಂದೆ ಅದು ಲೀಟರಿಗೋ, ಟ್ಯಾಂಕಿಗೋ, ಎಕರೆಗೋ ಎಂಬುದು ಇರಬೇಕು. ಇವೆರಡರಲ್ಲಿ ಒಂದು ಸಿಗದಿದ್ದರೂ ಆ ಅಂಕಿ ಚೀಟಿಗೆ ಹೋಗುವುದಿಲ್ಲ.

ಔಷಧಿಯ ಹೆಸರಿನೊಳಗಿನ ಅಂಕಿ ಪ್ರಮಾಣವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. "ಐದು ಎಸ್.ಜಿ." ಎಂದರೆ ಆ ಹರಳಿನಲ್ಲಿ ವಿಷದ ಅಂಶ ನೂರಕ್ಕೆ ಐದು ಎಂದು; ಐದು ಗ್ರಾಂ ಹಾಕಿ ಎಂದಲ್ಲ. ಬೇವಿನ ಔಷಧಿಯ 1500 ಪಿ.ಪಿ.ಎಂ. ಕೂಡ ಅದರ ಶಕ್ತಿ. ಅಂಗಡಿಯಲ್ಲಿ 10000 ಪಿ.ಪಿ.ಎಂ.ನ ಬಾಟಲಿಯೂ ಸಿಗುತ್ತದೆ, ಅದಕ್ಕೆ ಈ ಐದು ಎಂ.ಎಲ್. ಹೊಂದುವುದಿಲ್ಲ. ಆದ್ದರಿಂದ ಹೆಸರಿನ ಅಂಕಿಯನ್ನು ಬಿಡಲೂಬಾರದು, ಪ್ರಮಾಣದ ಪಕ್ಕದಲ್ಲಿ ಇಡಲೂಬಾರದು. ನಾನು ಹೆಸರನ್ನು ಒಂದು ಸಾಲಿನಲ್ಲೂ ಪ್ರಮಾಣವನ್ನು ಅದರ ಕೆಳಗಿನ ಸಾಲಿನಲ್ಲೂ ಬರೆಯುತ್ತೇನೆ.

ಕೇಳಿಸದ "ಪಾಯಿಂಟ್" ಅನ್ನು ಲೆಕ್ಕದಿಂದ ಹಿಡಿಯುವುದು

ಆರನೇ ನಿಮಿಷದ ಆ ಸಾಲಿಗೆ ಮತ್ತೆ ಬನ್ನಿ. ಟ್ರ್ಯಾಕ್ಟರ್ ಸದ್ದಿನ ನಂತರ ಕೇಳಿಸುವುದು "ನಾಲ್ಕು ಗ್ರಾಂ". ಅಧಿಕಾರಿ ಹೇಳಿದ್ದು ನಾಲ್ಕೋ, ಪಾಯಿಂಟ್ ನಾಲ್ಕೋ? ಹತ್ತು ಪಟ್ಟಿನ ಅಂತರ. ನಾನು ಅದನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿ ಕೇಳಿದೆ, ಕಿವಿಯಿಂದ ಬಗೆಹರಿಯಲಿಲ್ಲ. ಗುಣಾಕಾರದಿಂದ ಬಗೆಹರಿಯಿತು.

ಅಧಿಕಾರಿ ಎಕರೆಗೆ 200 ಲೀಟರ್ ನೀರು ಎಂದಿದ್ದಾರೆ. ಲೀಟರಿಗೆ 4 ಗ್ರಾಂ ಆದರೆ ಎಕರೆಗೆ 800 ಗ್ರಾಂ ಆಗಬೇಕು. ಅವರೇ ಅದೇ ಉಸಿರಿನಲ್ಲಿ ಎಕರೆಗೆ ಎಂಬತ್ತು ಎಂದಿದ್ದಾರೆ. 80 ಗ್ರಾಂ ಅನ್ನು 200 ಲೀಟರಿಗೆ ಹಂಚಿದರೆ ಲೀಟರಿಗೆ 0.4 ಗ್ರಾಂ. ಸದ್ದಿನಲ್ಲಿ ಮುಚ್ಚಿಹೋದದ್ದು "ಪಾಯಿಂಟ್". ಲೀಟರಿನ ಪ್ರಮಾಣ, ನೀರು, ಎಕರೆಯ ಪ್ರಮಾಣ ಈ ಮೂರರಲ್ಲಿ ಯಾವ ಎರಡು ಸಿಕ್ಕರೂ ಮೂರನೆಯದನ್ನು ಪರೀಕ್ಷಿಸಬಹುದು. ಇನ್ನೊಂದು ಒರಟು ಪರೀಕ್ಷೆ ಪೊಟ್ಟಣದ್ದು: ಎಮಾಮೆಕ್ಟಿನ್ ನೂರು ಗ್ರಾಮಿನ ಪೊಟ್ಟಣದಲ್ಲಿ ಸಿಗುತ್ತದೆ. ಒಂದು ಎಕರೆಗೆ ಎಂಟು ಪೊಟ್ಟಣ ಬೇಕು ಎಂದು ನಿಮ್ಮ ಚೀಟಿ ಹೇಳುತ್ತಿದ್ದರೆ ಎಲ್ಲೋ ಎಡವಿದ್ದೀರಿ.

ಲೆಕ್ಕದಲ್ಲಿ ಸರಿಬಂದರೂ ಕಿವಿಗೆ ಕೇಳಿಸದ ಅಂಕಿಯ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ. ಅದನ್ನು ಮರುಕರೆಯಲ್ಲಿ ಕೇಳಲೇಬೇಕು.

ನಮ್ಮ ಭಾಷೆಯಲ್ಲೇ ಇರುವ ಇನ್ನೊಂದು ತೊಡಕೆಂದರೆ ಮೂರು ಮತ್ತು ನೂರು. ಫೋನಿನಲ್ಲಿ ಮೊದಲ ಅಕ್ಷರ ಮಸುಕಾದರೆ ಎರಡೂ ಒಂದೇ. ತೌಡು, ಬೆಲ್ಲಕ್ಕೆ ಔಷಧಿ ಬೆರೆಸಿ ಸುಳಿಗೆ ಹಾಕುವ ವಿಷಪಾಷಾಣದ ಭಾಗದಲ್ಲಿ ಅಧಿಕಾರಿ ಹೇಳಿದ್ದು ನನಗೆ ಮೊದಲು "ಥಯೋಡಿಕಾರ್ಬ್ ಮೂರು ಗ್ರಾಂ" ಎಂದೇ ಕೇಳಿಸಿತ್ತು. ಮುಂದಿನ ವಾಕ್ಯದಲ್ಲಿ ಅವರು "ನಿಮ್ಮ ಒಂದೂವರೆ ಎಕರೆಗೆ ನೂರೈವತ್ತು" ಎಂದಾಗ ಅದು ನೂರು ಎಂದು ಖಾತ್ರಿಯಾಯಿತು. ಅಧಿಕಾರಿಗಳು ಒಂದೇ ಪ್ರಮಾಣವನ್ನು ಬೇರೆ ಬೇರೆ ರೀತಿಯಲ್ಲಿ ಎರಡು ಸಲ ಹೇಳಿರುತ್ತಾರೆ, ಎರಡನೆಯದನ್ನು ಹುಡುಕಿ. ಎಂಟು ಮತ್ತು ಎಂಬತ್ತು, ಐದು ಮತ್ತು ಹದಿನೈದು ಕೂಡ ಇದೇ ಜಾತಿಯವು.

ಯಾರ ಬಾಯಿಂದ ಬಂತು

ಐದೂವರೆ ನಿಮಿಷದ "ಹೂಂ" ಅಪಾಯದ ಪದ. ಕನ್ನಡದಲ್ಲಿ ಹೂಂ ಎಂದರೆ ಒಪ್ಪಿಗೆಯೂ ಹೌದು, "ಕೇಳುತ್ತಿದ್ದೇನೆ, ಮುಂದೆ ಹೇಳಿ" ಎಂಬುದೂ ಹೌದು. ಅಂಗಡಿಯವರ ಸಲಹೆಗೆ ಅಧಿಕಾರಿ ಹೂಂ ಎಂದರು ಎಂದು ಎರಡು ಔಷಧಿ ಕಲಸಲು ಅನುಮತಿ ಬರೆದರೆ ಕೆಟ್ಟಿತು. ಏಳನೇ ನಿಮಿಷದಲ್ಲಿ, ರೈತರ ಮಾತೆಲ್ಲ ಮುಗಿದ ಮೇಲೆ, ಅವರು "ಎರಡು ಕಲಸಬೇಡಿ ಯಜಮಾನರೇ, ಒಂದನ್ನೇ ಹೊಡೆಯಿರಿ" ಎಂದಿದ್ದಾರೆ. ಚೀಟಿಗೆ ಹೋಗುವುದು ಅಧಿಕಾರಿ ತಮ್ಮ ಬಾಯಿಂದಲೇ ಪೂರ್ಣ ವಾಕ್ಯವಾಗಿ ಹೇಳಿದ್ದು ಮಾತ್ರ. ಒಂದೇ ವಿಷಯಕ್ಕೆ ಎರಡು ಮಾತು ಇದ್ದರೆ ಕೊನೆಯದು.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ವರ್ಷದ ಒಂದು ಚೀಟಿಯಲ್ಲಿ, ರೈತರು ತಾವಾಗಿ ಹೇಳಿದ್ದ ನೆರೆಯವನ ಔಷಧಿಯೊಂದನ್ನು ಅಧಿಕಾರಿಯ ಸಲಹೆ ಎಂದೇ ಬರೆದಿದ್ದೆ. ಅಂಗಡಿಯಲ್ಲಿ ಆ ಔಷಧಿ ಮುಗಿದಿದ್ದದ್ದು ನನ್ನ ಪುಣ್ಯ.

"ಇದ್ದರೆ" ಎಂಬುದನ್ನು ಬಿಡಬೇಡಿ

ಸಂಕ್ಷೇಪಿಸುವಾಗ ಮೊದಲು ಉದುರುವುದು ಷರತ್ತು. ಅಧಿಕಾರಿ ಎರಡು ಔಷಧಿ ಹೇಳಿದ್ದು ಎರಡನ್ನೂ ಹೊಡೆಯಲಿ ಎಂದಲ್ಲ. ಹೊಲದ ಐದು ಕಡೆ, ಒಂದೊಂದು ಕಡೆ ಇಪ್ಪತ್ತು ಗಿಡದಂತೆ ನೂರು ಗಿಡ ನೋಡಿ ಎಂದರು. ಹುಳು ಇರುವ ಗಿಡಗಳು ಹತ್ತರೊಳಗಿದ್ದರೆ ಬೇವು ಸಾಕು. ಹತ್ತು ದಾಟಿದರೆ ಎಮಾಮೆಕ್ಟಿನ್. ಹುಳು ದಪ್ಪವಾಗಿ ಸುಳಿಯ ಆಳಕ್ಕೆ ಇಳಿದು ಮೇಲೆ ಹಿಕ್ಕೆಯ ಮುಚ್ಚಳ ಹಾಕಿಕೊಂಡಿದ್ದರೆ ಸಿಂಪಡಣೆ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಅಂಥ ಗಿಡಗಳಿಗೆ ವಿಷಪಾಷಾಣ. ಕರೆ ಮಾಡಿದಾಗ ರೈತರು ಗಿಡ ಎಣಿಸಿರಲಿಲ್ಲ, "ಎಲ್ಲಾ ಕಡೆ ಇದೆ" ಎಂದಿದ್ದರು. ಆದ್ದರಿಂದ ಚೀಟಿ ಔಷಧಿಯಿಂದ ಶುರುವಾಗುವಂತಿಲ್ಲ, ಎಣಿಕೆಯಿಂದ ಶುರುವಾಗಬೇಕು.

ಗೊಬ್ಬರದ ಸಲಹೆಗೂ ಷರತ್ತಿತ್ತು. "ಮೂವತ್ತನೇ ದಿನಕ್ಕೆ ಎಕರೆಗೆ ಒಂದು ಚೀಲ ಯೂರಿಯಾ, ಹಸಿ ಇದ್ದರೆ ಮಾತ್ರ." ಹಸಿ ಎಂದರೆ ಇಲ್ಲಿ ಮಣ್ಣಿನ ತೇವ. ಚೀಲ ಎಂಬುದು ಅಳತೆಯಲ್ಲ, ಅದನ್ನು ಕೆ.ಜಿ.ಗೆ ಇಳಿಸಿ. ಯೂರಿಯಾ ಚೀಲ ಈಗ 45 ಕೆ.ಜಿ., ಡಿ.ಎ.ಪಿ. ಚೀಲ 50 ಕೆ.ಜಿ. ಎರಡನ್ನೂ ಐವತ್ತು ಎಂದು ಹಿಡಿಯುವ ಹಳೆಯ ಅಭ್ಯಾಸ ನನ್ನಲ್ಲೂ ಬಹಳ ದಿನ ಇತ್ತು.

ಮರುಕರೆ

ಚೀಟಿಯ ಕರಡು ಆದ ಮೇಲೆ ಖಾಲಿ ಉಳಿದ ಜಾಗಗಳು ಕಾಣುತ್ತವೆ. ಅವನ್ನು ನಿಮ್ಮ ತಿಳಿವಳಿಕೆಯಿಂದ ತುಂಬಬೇಡಿ, ಎಷ್ಟೇ ಖಾತ್ರಿ ಇದ್ದರೂ. ಪ್ರಶ್ನೆಗಳನ್ನು ಒಟ್ಟುಮಾಡಿ ಒಂದೇ ಸಲ ಫೋನ್ ಮಾಡಿ. ನನ್ನ ಹತ್ತಿರ ಮೂರು ಪ್ರಶ್ನೆ ಇದ್ದವು. ಎಮಾಮೆಕ್ಟಿನ್ ಲೀಟರಿಗೆ ಪಾಯಿಂಟ್ ನಾಲ್ಕು ಗ್ರಾಂ ತಾನೇ? ಹೌದು. ಸಿಂಪಡಿಸಿದ ಬೆಳೆಯನ್ನು ದನಕ್ಕೆ ಮೇವಾಗಿ ಕೊಯ್ಯಬಹುದೇ? ಲೇಬಲ್ಲಿನಲ್ಲಿ ಬರೆದಿರುವಷ್ಟು ದಿನ ಕಳೆಯುವವರೆಗೆ ಬೇಡ.

ಮೂರನೆಯದು ಹೊಲದ ಪ್ರಶ್ನೆ. 0.4ನ್ನು 16ರಿಂದ ಗುಣಿಸಿದರೆ ಟ್ಯಾಂಕಿಗೆ 6.4 ಗ್ರಾಂ, ಇದನ್ನು ಹೊಲದಲ್ಲಿ ಅಳೆಯುವುದು ಹೇಗೆ? ಮುಚ್ಚಳದಲ್ಲಿ ಅಂದಾಜು ಹಾಕುವುದೇ ರೂಢಿ, ಪ್ರಮಾಣ ಕೆಡುವುದೂ ಅಲ್ಲೇ. ಅಧಿಕಾರಿ ಹೇಳಿದ ಉಪಾಯ ಚೆನ್ನಾಗಿತ್ತು: ಹತ್ತು ಟ್ಯಾಂಕಿಗೆ ಬೇಕಾದ 64 ಗ್ರಾಂ ಅನ್ನು ಅಂಗಡಿಯ ತಕ್ಕಡಿಯಲ್ಲೇ ತೂಗಿಸಿಕೊಂಡು, ಹೊಡೆಯುವ ದಿನ ನೀರಿನಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ದ್ರಾವಣ ಮಾಡಬೇಕು. ಟ್ಯಾಂಕಿಗೆ ಅದರಲ್ಲಿ 100 ಎಂ.ಎಲ್. ಅಳೆದು ಹಾಕಿದರೆ 6.4 ಗ್ರಾಂ ತಾನಾಗಿಯೇ ಹೋಗುತ್ತದೆ. ದ್ರಾವಣವನ್ನು ಮರುದಿನಕ್ಕೆ ಇಡುವಂತಿಲ್ಲ.

ಚೀಟಿ

ಲೆಕ್ಕವನ್ನು ರೈತರ ಎಕರೆಗೆ, ರೈತರ ಟ್ಯಾಂಕಿಗೆ ಮಾಡಿಯೇ ಬರೆಯಿರಿ. ಒಂದೂವರೆ ಎಕರೆಗೆ ನೀರು 300 ಲೀಟರ್. 16 ಲೀಟರಿನಂತೆ ಸುಮಾರು 19 ಟ್ಯಾಂಕ್. ಹನ್ನೊಂದು ನಿಮಿಷದ ಕರೆ ಕೊನೆಗೆ ಇಷ್ಟಾಯಿತು:

*ಬೆಳೆ:* ಗೋವಿನಜೋಳ, ಬಿತ್ತಿ 22 ದಿನ, 1 ಎಕರೆ 20 ಗುಂಟೆ.
*ಕಾಟ:* ಫಾಲ್ ಸೈನಿಕ ಹುಳು. ಗುರುತು: ತಲೆಯ ಮೇಲೆ ತಲೆಕೆಳಗಾದ ವೈ ಗೆರೆ, ಸುಳಿಯಲ್ಲಿ ಹಿಕ್ಕೆ.

*ಮೊದಲು:* 5 ಕಡೆ 20ರಂತೆ 100 ಗಿಡ ನೋಡಿ. ಹುಳು ಇರುವ ಗಿಡಗಳನ್ನು ಎಣಿಸಿ.

*10 ಗಿಡದೊಳಗೆ ಇದ್ದರೆ:*
ಬೇವಿನ ಔಷಧಿ 1500 ಪಿ.ಪಿ.ಎಂ.
ಒಂದು ಟ್ಯಾಂಕಿಗೆ 80 ಎಂ.ಎಲ್. ಕೊಳ್ಳಬೇಕಾದದ್ದು ಒಂದೂವರೆ ಲೀಟರ್.

*10ಕ್ಕಿಂತ ಹೆಚ್ಚಿದ್ದರೆ (ಬೇವಿನ ಬದಲು):*
ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್.ಜಿ.
ಒಟ್ಟು 120 ಗ್ರಾಂ. 64 ಗ್ರಾಂ ಕರಗಿಸಿ 1 ಲೀಟರ್ ದ್ರಾವಣ. ಒಂದು ಟ್ಯಾಂಕಿಗೆ ಅದರಲ್ಲಿ 100 ಎಂ.ಎಲ್., ಹತ್ತು ಟ್ಯಾಂಕಿಗೆ ಆಗುತ್ತದೆ. ಉಳಿದ ಒಂಬತ್ತು ಟ್ಯಾಂಕಿಗೆ, ಉಳಿದ ಔಷಧಿಯಿಂದ 900 ಎಂ.ಎಲ್. ದ್ರಾವಣ.

*ದಪ್ಪ ಹುಳು ಸುಳಿಯೊಳಗೆ ಇದ್ದರೆ:* ಅಕ್ಕಿ ತೌಡು 15 ಕೆ.ಜಿ., ಬೆಲ್ಲ 3 ಕೆ.ಜಿ., ನೀರು 3ರಿಂದ 4.5 ಲೀಟರ್ ಕಲಸಿ 24 ಗಂಟೆ ಇಡಿ. ಹಾಕುವ ಅರ್ಧ ಗಂಟೆ ಮುಂಚೆ ಥಯೋಡಿಕಾರ್ಬ್ 75 ಡಬ್ಲ್ಯೂ.ಪಿ., 150 ಗ್ರಾಂ ಬೆರೆಸಿ. ಕೈಗವಸು ಹಾಕಿಕೊಂಡು ಸುಳಿಗೆ ಚಿಟಿಕೆಯಷ್ಟು ಹಾಕಿ. ಬೆಲ್ಲದ ವಾಸನೆಗೆ ದನ, ಕೋಳಿ ಬರುತ್ತವೆ, ದೂರ ಇಡಿ.

*ಹೇಗೆ:* ಸಂಜೆ, ಸುಳಿಯೊಳಗೆ ಇಳಿಯುವಂತೆ ಹೊಡೆಯಿರಿ. ಎರಡು ಔಷಧಿ ಕಲಸಬೇಡಿ. ಲೇಬಲ್ಲಿನಲ್ಲಿರುವಷ್ಟು ದಿನ ಮೇವು ಕೊಯ್ಯಬೇಡಿ.

*ಗೊಬ್ಬರ:* 30ನೇ ದಿನ, ಮಣ್ಣಿನಲ್ಲಿ ತೇವ ಇದ್ದರೆ ಮಾತ್ರ, ಯೂರಿಯಾ ಒಂದೂವರೆ ಚೀಲ, ಅಂದರೆ 67.5 ಕೆ.ಜಿ.

ಚೀಟಿಯ ತುದಿಯಲ್ಲಿ ಕರೆಯ ದಿನಾಂಕ ಹಾಕಿ. ರೈತರ ಹೆಸರು, ಫೋನ್ ನಂಬರ್, ಸರ್ವೆ ನಂಬರ್ ಬೇಡ. ಅವು ನಿಮ್ಮ ಕಡತದಲ್ಲಿ ಇರಲಿ. ಚೀಟಿ ಕೊಡುವ ಮುಂಚೆ ರೈತರಿಗೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಅವರಿಂದಲೇ ಒಮ್ಮೆ ಹೇಳಿಸಿ. ನಮ್ಮ ರೈತರು ತಿರುಗಿ ಹೇಳುವಾಗ "ಟ್ಯಾಂಕಿಗೆ ಎಂಬತ್ತು" ಎಂದು ನಿಲ್ಲಿಸಿ, ತಾವೇ "ಯಾವುದು, ಬೇವಿನದೋ?" ಎಂದು ನನ್ನನ್ನು ಕೇಳಿದರು. ಆಗ ಚೀಟಿ ಕೈಗೆ ಕೊಟ್ಟೆ.

ಮರುದಿನ ಬೆಳಿಗ್ಗೆ ಎಣಿಸಿದಾಗ ನೂರರಲ್ಲಿ ಹದಿನಾಲ್ಕು ಗಿಡಗಳಲ್ಲಿ ಹುಳು ಇತ್ತು. ಬೇವಿನ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿಕೊಂಡು ಅಂಗಡಿಗೆ ಹೋದರು. ಸಂಜೆಯ ಹೊತ್ತಿಗೆ ಆ ಚೀಟಿಯ ಫೋಟೊ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿತ್ತು, ಕೆಳಗೆ ಒಬ್ಬರು "ಮೆಣಸಿನ ಗಿಡಕ್ಕೂ ಇದೇ ನಡೆಯುತ್ತದೆಯೇ?" ಎಂದು ಕೇಳಿದ್ದರು. ಈಗ ಪ್ರತಿ ಚೀಟಿಯ ಮೇಲ್ತುದಿಯಲ್ಲೇ, ಬೆಳೆಯ ಹೆಸರಿಗಿಂತ ಮೊದಲು, ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ: ಗೋವಿನಜೋಳಕ್ಕೆ ಮಾತ್ರ, ಈ ಹೊಲಕ್ಕೆ ಮಾತ್ರ.